ತೊಂಬತ್ತರಿಂದ ನಲವತ್ತು ಸೆಕೆಂಡಿಗೆ

ಅನಿಮೇಷನ್ ಸ್ಟುಡಿಯೊದಲ್ಲಿ ಕೆಲಸ ಕೇಳುವವರ ಬಯೋಡೇಟಾವನ್ನು ಆಮೇಲೆ ಓದುತ್ತಾರೆ, ಮೊದಲು ನೋಡುವುದು ಶೋರೀಲ್. ಅಭ್ಯರ್ಥಿ ಮಾಡಿದ ಅನಿಮೇಷನ್ನಿನ ತುಣುಕುಗಳನ್ನು ಜೋಡಿಸಿದ ಪುಟ್ಟ ವಿಡಿಯೊ ಅದು. ರಾಶಿ ಅರ್ಜಿಗಳ ನಡುವೆ ಕೂತು ನೋಡುವವರು ಮೊದಲ ಕೆಲವು ಸೆಕೆಂಡುಗಳಲ್ಲೇ ಒಂದು ಅಂದಾಜಿಗೆ ಬಂದಿರುತ್ತಾರೆ.

ಮಕ್ಕಳ ಟಿವಿ ಸರಣಿಗೆ ಪಾತ್ರಗಳನ್ನು ಅನಿಮೇಟ್ ಮಾಡುವ ಕೆಲಸಕ್ಕೆ ವಿದ್ಯಾರ್ಥಿನಿಯೊಬ್ಬಳು ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಅವಳ ಬಳಿ ಒಂಬತ್ತು ಶಾಟ್‌ಗಳಿವೆ, ಒಟ್ಟು 92 ಸೆಕೆಂಡು. ಪುಟಿಯುವ ಚೆಂಡು, ವಾಕ್ ಸೈಕಲ್ ಎರಡೂ ಮೊದಲ ಪಾಠಗಳು. ಎಲ್ಲರ ಬಳಿಯೂ ಇರುತ್ತವೆ, ತೆಗೆಯಬೇಕು. ಬೆಳಕು ಚೆನ್ನಾಗಿ ಮೂಡಿಸಿದ ಕೋಣೆಯ ದೃಶ್ಯ ಸುಂದರವಾಗಿದೆ, ಆದರೆ ಈ ಹುದ್ದೆ ಲೈಟಿಂಗ್‌ನದಲ್ಲ. ಒಂದು ಸಂಭಾಷಣೆಯಲ್ಲಿ ತುಟಿ ಮಾತಿಗೆ ಸರಿಯಾಗಿ ಕೂಡಿದೆ, ಮೈ ಮಾತ್ರ ಕಂಬದಂತೆ ನಿಂತಿದೆ. ಓಡುವ ನಾಯಿಯನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿದರೆ ನೆಲಕ್ಕೂರಿದ ಪಾದ ಹಿಂದೆ ಮುಂದೆ ಜಾರುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಅವಳಿಗೆ ಕಾಣದ ಈ ತಪ್ಪು ಪಳಗಿದ ಕಣ್ಣಿಗೆ ಕೂಡಲೇ ಕಾಣುತ್ತದೆ. ಇದನ್ನು ಬಿಡಲು ಅವಳಿಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಹೆಚ್ಚು ದುಡಿದದ್ದು ಇದಕ್ಕೇ. ನೋಡುವವರಿಗೆ ಆ ದುಡಿಮೆ ಗೊತ್ತಿಲ್ಲ. ಈ ಹುಡುಗಿಗೆ ತಪ್ಪು ತಿಳಿಯಲಿಲ್ಲವೇ ಎಂದಷ್ಟೇ ಅನುಮಾನಿಸುತ್ತಾರೆ.

ಉಳಿದದ್ದು ನಾಲ್ಕು: ಹೆಂಗಸೊಬ್ಬಳು ಸುಳ್ಳು ಹೇಳುವ 14 ಸೆಕೆಂಡಿನ ಸಂಭಾಷಣೆ, ಭಾರದ ಪೆಟ್ಟಿಗೆ ಎತ್ತುವ 8 ಸೆಕೆಂಡು, ಗೋಡೆ ಹಾರುವ 6 ಸೆಕೆಂಡು, ಗೆಳೆಯರೊಂದಿಗೆ ಮಾಡಿದ 12 ಸೆಕೆಂಡಿನ ಹೊಡೆದಾಟ. ಒಟ್ಟು 40. ಹೊಸಬರಿಗೆ ಇಷ್ಟು ಸಾಕು.

ಈಗ ಅನುಕ್ರಮ. ಅತ್ಯುತ್ತಮವಾದದ್ದು ಮೊದಲು, ಅದರ ನಂತರದ್ದು ಕೊನೆಗೆ ಎಂಬುದು ವಾಡಿಕೆ. ಅತ್ಯುತ್ತಮ ಯಾವುದು? ಈ ಹುದ್ದೆಗೆ ನಟನೆಯೇ ಮುಖ್ಯ, ಆದ್ದರಿಂದ ಸುಳ್ಳು ಹೇಳುವ ಹೆಂಗಸು. ಆದರೆ ಎಷ್ಟೋ ಜನ ಶಬ್ದ ಮುಚ್ಚಿಯೇ ನೋಡುತ್ತಾರೆ. ಅವಳೂ ಹಾಗೇ ನೋಡಲಿ. ಬಾಯಿ ತೆರೆಯುವ ಮುಂಚೆ ಕಣ್ಣು ಪಕ್ಕಕ್ಕೆ ಸರಿದು, ಭುಜ ಬಿಗಿದು, ಸುಳ್ಳಿನ ಸುಳಿವು ಸಿಕ್ಕರೆ ಅದೇ ಮೊದಲಿಗೆ ಬರಲಿ. ಸಿಗದಿದ್ದರೆ ಪೆಟ್ಟಿಗೆಯಿಂದ ಶುರು ಮಾಡುವುದು ಮೇಲು. ಮೊಣಕಾಲು ಬಾಗಿ, ಸೊಂಟ ಪೆಟ್ಟಿಗೆಯ ಹತ್ತಿರಕ್ಕೆ ಬಂದು, ಆಮೇಲೆ ಅದು ನೆಲ ಬಿಡುವಾಗ ತೂಕ ತಾನಾಗಿ ತಿಳಿಯುತ್ತದೆ. ಇಲ್ಲಿ ಸುಳಿವು ಸಿಕ್ಕಿತು ಎನ್ನೋಣ. ದೀರ್ಘ ಶಾಟ್ ಆದಮೇಲೆ ಚುರುಕಾದ ಗೋಡೆ ಹಾರಾಟ, ಮುಂದೆ ಹೊಡೆದಾಟ, ಕಡೆಗೆ ಪೆಟ್ಟಿಗೆ.

ಹೊಡೆದಾಟದ ಶಾಟ್ ಕೆಳಗೆ ‘ಕೆಂಪು ಅಂಗಿಯವನ ಅನಿಮೇಷನ್ ಮಾತ್ರ ನನ್ನದು’ ಎಂಬ ಸಾಲು ಇರಲೇಬೇಕು. ಈ ರಂಗ ಚಿಕ್ಕದು. ಅದೇ ಶಾಟ್ ಗೆಳೆಯನ ರೀಲ್‌ನಲ್ಲೂ ಬಂದಿರುತ್ತದೆ. ಸಂಗೀತದ ತಾಳಕ್ಕೆಂದು ಶಾಟ್‌ಗಳನ್ನು ತುಂಡರಿಸಬೇಡಿ, ಚಲನೆ ಮುಗಿಯುವುದನ್ನೂ ಅವರು ನೋಡಬೇಕು. ಹೆಸರು, ಇಮೇಲ್ ಮೊದಲಿಗೂ ಕೊನೆಗೂ ಎರಡೆರಡು ಸೆಕೆಂಡು ಸಾಕು.

ಕಳಿಸುವ ಮುನ್ನ ಲಿಂಕನ್ನು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಅನುಮತಿ ಕೇಳುವ ಲಿಂಕ್ ಸಿಕ್ಕರೆ ಅವರು ಮುಂದಿನ ಅರ್ಜಿಗೆ ಹೋಗುತ್ತಾರೆ.