ಬಲಗಡೆಯ ಕಾಲಂ ಓದುವುದು

ಇನ್ಫೋಸಿಸ್‌ನ 2017-18ರ ವಾರ್ಷಿಕ ವರದಿಯಲ್ಲಿ ಪ್ರತಿ ಷೇರಿನ ಗಳಿಕೆ 71.07 ರೂಪಾಯಿ. ಮರುವರ್ಷದ ವರದಿಯಲ್ಲಿ ಅದು 35.44. ಎರಡೂ ಪುಟಗಳ ಫೋಟೊ ತೆಗೆದು ಮೊಬೈಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಗಳಿಕೆ ಒಂದೇ ವರ್ಷದಲ್ಲಿ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಆದರೆ ಎರಡನೇ ಫೋಟೊದಲ್ಲಿ 35.44ರ ಪಕ್ಕದಲ್ಲೇ, ಹಿಂದಿನ ವರ್ಷದ ಕಾಲಂನಲ್ಲಿ, 35.53 ಎಂದು ಅಚ್ಚಾಗಿದೆ. 71.07 ಎಲ್ಲೂ ಇಲ್ಲ.

2018ರ ಸೆಪ್ಟೆಂಬರಿನಲ್ಲಿ ಕಂಪನಿ ಒಂದು ಷೇರಿಗೆ ಒಂದರಂತೆ ಬೋನಸ್ ಕೊಟ್ಟಿತು. ಷೇರುಗಳು ದುಪ್ಪಟ್ಟಾದವು. ಹೀಗಾದಾಗ ಹಿಂದಿನ ವರ್ಷದ ಗಳಿಕೆಯನ್ನೂ ಹೊಸ ಷೇರು ಸಂಖ್ಯೆಯಿಂದಲೇ ಭಾಗಿಸಿ ತೋರಿಸಬೇಕೆಂದು ಲೆಕ್ಕಪತ್ರದ ನಿಯಮವಿದೆ. ಲೆಕ್ಕಿಗರು ಇದನ್ನು ರೀಸ್ಟೇಟ್ ಮಾಡುವುದು ಎನ್ನುತ್ತಾರೆ. 71.07 ಸುಳ್ಳಲ್ಲ, 35.53 ಕೂಡ ಸುಳ್ಳಲ್ಲ. 35.44ರ ಜೊತೆ ಹೋಲಿಸಲು ಬರುವುದು ಮಾತ್ರ ಎರಡನೆಯದು.

ಬೋನಸ್ ಆದರೆ ಪತ್ತೆ ಸುಲಭ, ಅಂಕಿ ನೇರವಾಗಿ ಅರ್ಧವಾಗಿರುತ್ತದೆ. ತಲೆ ತಿನ್ನುವುದು ಕಂಪನಿ ತನ್ನ ವಹಿವಾಟಿನ ಒಂದು ಭಾಗವನ್ನೇ ಮಾರಿದಾಗ. ಲೆಕ್ಕ ಸುಲಭವಾಗಲೆಂದು ಒಂದು ಕಾಲ್ಪನಿಕ ಕಂಪನಿ ತೆಗೆದುಕೊಳ್ಳೋಣ. ಸಿಮೆಂಟು, ಬಣ್ಣ ಎರಡನ್ನೂ ಮಾರುತ್ತದೆ. 2021-22ರ ವರದಿಯಲ್ಲಿ ಮಾರಾಟ 840 ಕೋಟಿ, ಪಕ್ಕದಲ್ಲಿ ಹಿಂದಿನ ವರ್ಷದ್ದು 800. ಮರುವರ್ಷ ಬಣ್ಣದ ವಿಭಾಗವನ್ನು ಮಾರಿಬಿಟ್ಟರು. 2022-23ರ ವರದಿಯಲ್ಲಿ ಮಾರಾಟ 660 ಕೋಟಿ.

ಪ್ರತಿ ವರದಿಯ ಮೊದಲ ಕಾಲಂ ಮಾತ್ರ ಎತ್ತಿಕೊಂಡರೆ 840ರಿಂದ 660ಕ್ಕೆ ಬಿದ್ದ ಹಾಗೆ. ಆದರೆ ಎರಡನೇ ವರದಿಯ ಬಲಗಡೆ 2021-22ರ ಎದುರು 840 ಇರುವುದಿಲ್ಲ, 600 ಇರುತ್ತದೆ. ಬಣ್ಣದ ಮಾರಾಟವನ್ನು ಹಳೆಯ ವರ್ಷದಿಂದಲೂ ತೆಗೆದು, ಅದರ ಲಾಭವನ್ನು ಕೆಳಗೆ 'ನಿಲ್ಲಿಸಿದ ವ್ಯವಹಾರ' ಎಂಬ ಬೇರೆ ಸಾಲಿಗೆ ಹಾಕಿರುತ್ತಾರೆ. ಉಳಿದ ಸಿಮೆಂಟು ವ್ಯಾಪಾರ 600ರಿಂದ 660ಕ್ಕೆ, ಶೇಕಡಾ 10ರಷ್ಟು ಏರಿದೆ.

ಹಾಗಾಗಿ ನಾನು ಪ್ರತಿ ವರ್ಷಕ್ಕೂ ಎರಡು ಅಂಕಿ ಬರೆದುಕೊಳ್ಳುತ್ತೇನೆ: ಆ ವರ್ಷದ ವರದಿ ಹೇಳಿದ್ದು, ಮತ್ತು ಮುಂದಿನ ವರ್ಷದ ವರದಿ ಅದೇ ವರ್ಷದ ಬಗ್ಗೆ ಹೇಳಿದ್ದು. ಎರಡೂ ಒಂದೇ ಇದ್ದರೆ ಸರಪಳಿ ಗಟ್ಟಿ. ಬೇರೆ ಇದ್ದರೆ ಅಲ್ಲೊಂದು ಅಡ್ಡಗೆರೆ. ಗೆರೆಯ ಆಚೆಯ ಅಂಕಿಯನ್ನು ಈಚೆಗೆ ತರುವಂತಿಲ್ಲ. ಬೆಳವಣಿಗೆಯನ್ನು ಯಾವಾಗಲೂ ಒಂದೇ ವರದಿಯ ಎರಡು ಕಾಲಂಗಳ ನಡುವೆಯೇ ಲೆಕ್ಕ ಹಾಕಬೇಕು.

2020-21ರ ಸಿಮೆಂಟು ಮಾರಾಟ ಎಷ್ಟಿತ್ತು? 800ನ್ನು 600/840ರಿಂದ ಗುಣಿಸಿ ಸುಮಾರು 571 ಎನ್ನುವವರಿದ್ದಾರೆ. ಸಿಮೆಂಟು, ಬಣ್ಣ ಎರಡೂ ಒಂದೇ ವೇಗದಲ್ಲಿ ಬೆಳೆದಿದ್ದವು ಎಂದು ನಂಬಿದರಷ್ಟೇ ಅದು ಸರಿ. ವಿಭಾಗವಾರು ವಿವರದ ಪುಟವಿದ್ದರೆ ಅಲ್ಲಿಂದ ನಿಜವಾದ ಅಂಕಿಯನ್ನೇ ತೆಗೆಯಬಹುದು. ಆದ್ದರಿಂದ ಫೋಟೊ ತೆಗೆಯುವಾಗ ಆ ಪುಟವನ್ನು ಬಿಡಬೇಡಿ.

ಇನ್ನೊಂದು ಗುಂಡಿ ಇದೆ. ವಿಭಾಗ ಮಾರಿದಾಗ ಲಾಭ-ನಷ್ಟದ ಹಳೆಯ ಕಾಲಂ ಬದಲಾಗುತ್ತದೆ, ಆಸ್ತಿ-ಹೊಣೆಗಳ ಪಟ್ಟಿಯ ಹಳೆಯ ಕಾಲಂ ಬದಲಾಗುವುದಿಲ್ಲ. ಅಲ್ಲಿ ಬಣ್ಣದ ಕಾರ್ಖಾನೆ ಇನ್ನೂ ಕೂತಿರುತ್ತದೆ. 600 ಕೋಟಿಯ ಮಾರಾಟವನ್ನು ಆ ವರ್ಷದ ಒಟ್ಟು ಆಸ್ತಿಯಿಂದ ಭಾಗಿಸಿದರೆ ಕಂಪನಿ ಸುಮ್ಮನೆ ಸೋಮಾರಿಯಾಗಿ ಕಾಣುತ್ತದೆ.

ಫೋಟೊಗಳ ತಾಪತ್ರಯವೇ ಬೇರೆ. ಸಂಖ್ಯೆಗಳು ಚೆನ್ನಾಗಿ ಬರಲೆಂದು ಹತ್ತಿರ ಹಿಡಿದಾಗ ಮೊದಲು ಕತ್ತರಿಸಿಹೋಗುವುದೇ ಬೇಕಾದ ತುದಿಗಳು: ವರ್ಷ ಬರೆದ ತಲೆಸಾಲು, ಮೇಲ್ಮೂಲೆಯ 'ಕೋಟಿಗಳಲ್ಲಿ' ಅಥವಾ 'ಲಕ್ಷಗಳಲ್ಲಿ', ಅಂಕಿಯ ಪಕ್ಕದ ನಕ್ಷತ್ರ, ಪುಟದ ಬುಡದಲ್ಲಿ ಸಣ್ಣ ಅಕ್ಷರದ 'ರೀಸ್ಟೇಟೆಡ್, ಟಿಪ್ಪಣಿ ಇಂತಿಷ್ಟು ನೋಡಿ'. ನಾನೊಮ್ಮೆ ತಲೆಸಾಲಿಲ್ಲದ ಫೋಟೊದಿಂದ ಒಂದು ಹತ್ತು ವರ್ಷದ ಸಾರಾಂಶವನ್ನು ಪೂರ್ತಿ ತಿರುಗಾಮುರುಗಾ ಬರೆದುಕೊಂಡಿದ್ದೆ; ಅಲ್ಲಿ ಹಳೆಯ ವರ್ಷ ಎಡಗಡೆಗಿತ್ತು. ಈಗ ಮೊದಲು ಇಡೀ ಪುಟದ್ದೊಂದು, ಆಮೇಲೆ ಹತ್ತಿರದಿಂದೊಂದು ತೆಗೆಯುತ್ತೇನೆ.

ಎರಡು ವರದಿಯ ಅಂಕಿಗಳು ಹೊಂದದಿದ್ದಾಗ ಮೊದಲು ಅನುಮಾನಿಸಬೇಕಾದದ್ದು ಕಂಪನಿಯನ್ನಲ್ಲ, ನಮ್ಮ ಕಣ್ಣನ್ನು. ಮಸುಕು ಫೋಟೊದಲ್ಲಿ 3 ಮತ್ತು 8 ಅಣ್ಣತಮ್ಮಂದಿರು. ನಷ್ಟ ಸೂಚಿಸುವ ಆವರಣ ಚಿಹ್ನೆ ಮಡಿಕೆಯಲ್ಲಿ ಮುಚ್ಚಿಹೋಗಿರುತ್ತದೆ. ಕಾಲಂನ ಸಾಲುಗಳನ್ನು ಕೂಡಿಸಿ ಅಚ್ಚಾದ ಮೊತ್ತಕ್ಕೆ ತಾಳೆ ನೋಡಿದರೆ ಇಂಥ ತಪ್ಪು ಬಹುತೇಕ ಸಿಕ್ಕಿಬೀಳುತ್ತದೆ. ಕೂಡಿಕೆ ಎರಡೂ ಫೋಟೊಗಳಲ್ಲಿ ಸರಿಹೋಗಿಯೂ ಅದೇ ವರ್ಷಕ್ಕೆ 840 ಮತ್ತು 600 ಉಳಿದರೆ, ಆಗ ಟಿಪ್ಪಣಿಯ ಪುಟ ತಿರುವಿ.