ವಿಮಾನಕ್ಕೆ ಹಾಕುವುದು ಪೆಟ್ರೋಲೋ, ಸೀಮೆಎಣ್ಣೆಯೋ? ಅದಲುಬದಲಾದರೆ ಏನಾಗುತ್ತದೆ?

"ವಿಮಾನದ ಪೆಟ್ರೋಲ್ ನಮ್ಮ ಬೈಕಿನ ಪೆಟ್ರೋಲ್‌ಗಿಂತ ಹತ್ತು ಪಟ್ಟು ಪವರ್‌ಫುಲ್" ಎಂಬಂಥ ಮೆಸೇಜ್ ನಿಮ್ಮ ಗ್ರೂಪಿನಲ್ಲೂ ಓಡಾಡಿರಬಹುದು. "ವಿಮಾನ ಓಡುವುದು ಬರೀ ಸೀಮೆಎಣ್ಣೆಯಲ್ಲಿ" ಎನ್ನುವ ಇನ್ನೊಂದು ಮೆಸೇಜ್ ಕೂಡ ಇದೆ. ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ಸತ್ಯ. ಎರಡೂ ಮೆಸೇಜುಗಳು ಬಿಟ್ಟುಬಿಟ್ಟ ಸಂಗತಿಯೇ ಮುಖ್ಯವಾದದ್ದು: ವಿಮಾನಗಳಿಗೆ ಎರಡು ಬೇರೆಬೇರೆ ಇಂಧನಗಳಿವೆ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಜೀವ ಹೋಗುತ್ತದೆ.

ನಾವು ಪ್ರಯಾಣ ಮಾಡುವ ದೊಡ್ಡ ವಿಮಾನಗಳಲ್ಲಿ ಇರುವುದು ಜೆಟ್ ಇಂಧನ. ಇದು ಚೆನ್ನಾಗಿ ಶುದ್ಧ ಮಾಡಿದ ಸೀಮೆಎಣ್ಣೆಯ ಜಾತಿಯದು. ಮೈಸೂರು, ಹುಬ್ಬಳ್ಳಿಯಂಥ ಊರುಗಳಿಗೆ ಬರುವ ಎಟಿಆರ್ ವಿಮಾನಕ್ಕೆ ಫ್ಯಾನಿನಂತೆ ತಿರುಗುವ ರೆಕ್ಕೆ ಇದ್ದರೂ ಅದಕ್ಕೂ ಬೇಕಾದದ್ದು ಜೆಟ್ ಇಂಧನವೇ. ಏಕೆಂದರೆ ಆ ಪ್ರೊಪೆಲ್ಲರ್ ತಿರುಗಿಸುವುದು ಟರ್ಬೈನ್ ಎಂಜಿನ್. ಆದರೆ ಬೆಂಗಳೂರಿನ ಜಕ್ಕೂರಿನಂಥ ತರಬೇತಿ ಶಾಲೆಗಳಲ್ಲಿ ಪೈಲಟ್ ಆಗುವವರು ಕಲಿಯುವ ಚಿಕ್ಕ ಸೆಸ್ನಾ ವಿಮಾನದ ಎಂಜಿನ್ ಸುಮಾರಾಗಿ ನಮ್ಮ ಕಾರಿನ ಎಂಜಿನ್ ಇದ್ದ ಹಾಗೆ. ಅದರಲ್ಲಿ ಪಿಸ್ಟನ್ ಇದೆ, ಸ್ಪಾರ್ಕ್ ಪ್ಲಗ್ ಇದೆ. ಅದಕ್ಕೆ ಬೇಕಾದದ್ದು ಏವ್‌ಗ್ಯಾಸ್ ಎಂದು ಕರೆಯುವ ಏವಿಯೇಷನ್ ಪೆಟ್ರೋಲ್.

ಎರಡು ಇಂಧನ ಯಾಕೆ ಬೇಕು? ಎಂಜಿನ್ ಒಳಗೆ ಬೆಂಕಿ ಹೇಗೆ ಉರಿಯುತ್ತದೆ ಎಂಬುದರಲ್ಲಿ ಉತ್ತರವಿದೆ. ಜೆಟ್ ಎಂಜಿನ್‌ನಲ್ಲಿ ಬೆಂಕಿ ಗ್ಯಾಸ್ ಒಲೆಯಂತೆ ಸತತವಾಗಿ ಉರಿಯುತ್ತಲೇ ಇರುತ್ತದೆ. ಇಂಧನ ಯಾವ ಕ್ಷಣಕ್ಕೆ ಹೊತ್ತಿಕೊಳ್ಳಬೇಕು ಎಂಬ ಲೆಕ್ಕ ಅಲ್ಲಿಲ್ಲ. ಅಲ್ಲಿ ಬೇಕಾದದ್ದು ಆಕಾಶದ ಚಳಿಗೆ ಹೆಪ್ಪುಗಟ್ಟದ, ನೆಲದ ಮೇಲೆ ಸುಲಭವಾಗಿ ಹೊತ್ತಿಕೊಳ್ಳದ ಇಂಧನ. ನಮ್ಮಲ್ಲಿ ಬಳಸುವ ಜೆಟ್ ಎ-1 ಸೊನ್ನೆಗಿಂತ 47 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ.

ಪಿಸ್ಟನ್ ಎಂಜಿನ್ ಹಾಗಲ್ಲ. ಅಲ್ಲಿ ಪಿಸ್ಟನ್ ಮೇಲೆ ಬಂದು ಗಾಳಿ ಮತ್ತು ಇಂಧನದ ಮಿಶ್ರಣವನ್ನು ಒತ್ತುತ್ತದೆ. ಒತ್ತಿದಾಗ ಅದು ಬಿಸಿಯಾಗುತ್ತದೆ. ಅಷ್ಟಾದರೂ ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲೆಯೇ ಅದು ಹೊತ್ತಿಕೊಳ್ಳಬೇಕು, ಆಮೇಲೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹದವಾಗಿ ಉರಿಯುತ್ತಾ ಹೋಗಬೇಕು. ಹೀಗೆ ತಡೆದುಕೊಳ್ಳುವ ಗುಣವನ್ನೇ ಆಕ್ಟೇನ್ ಸಂಖ್ಯೆ ಹೇಳುವುದು. ಏವ್‌ಗ್ಯಾಸ್‌ನಲ್ಲಿ ಈ ಸಂಖ್ಯೆ 100ರ ಆಸುಪಾಸು ಇರುತ್ತದೆ, ಅದಕ್ಕಾಗಿ ಸ್ವಲ್ಪ ಸೀಸವನ್ನೂ ಬೆರೆಸಿರುತ್ತಾರೆ. ಜೆಟ್ ಇಂಧನಕ್ಕೆ ಈ ಗುಣ ಬಹಳ ಕಡಿಮೆ. ಪಿಸ್ಟನ್ ಎಂಜಿನ್‌ಗೆ ಅದು ಹೋದರೆ ಮಿಶ್ರಣ ಹದವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುತ್ತದೆ. ಒಳಗಿನಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ಆಗುತ್ತದೆ. ಶಾಖ ಮಿತಿ ಮೀರುತ್ತದೆ, ಪಿಸ್ಟನ್ ತಲೆ ಕರಗಿ ತೂತು ಬೀಳಬಹುದು, ಎಂಜಿನ್ ನಿಲ್ಲುತ್ತದೆ.

ಇದರಲ್ಲಿ ಅತಿ ಅಪಾಯಕಾರಿ ಅಂಶವೆಂದರೆ ತಪ್ಪು ಕೂಡಲೇ ಗೊತ್ತಾಗದಿರುವುದು. ಟ್ಯಾಂಕಿನಿಂದ ಎಂಜಿನ್‌ವರೆಗಿನ ಪೈಪುಗಳಲ್ಲಿ ಹಳೆಯ ಪೆಟ್ರೋಲ್ ಉಳಿದಿರುತ್ತದೆ. ಹಾಗಾಗಿ ಎಂಜಿನ್ ಸರಿಯಾಗಿಯೇ ಸ್ಟಾರ್ಟ್ ಆಗುತ್ತದೆ, ವಿಮಾನ ರನ್‌ವೇಗೆ ಹೋಗುತ್ತದೆ, ಮೇಲಕ್ಕೂ ಏರುತ್ತದೆ. ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುತ್ತಿರುವ, ನೆಲ ಇನ್ನೂ ತೀರಾ ಹತ್ತಿರವಿರುವ ಹೊತ್ತಿಗೇ ತಪ್ಪು ಇಂಧನ ಅಲ್ಲಿಗೆ ತಲುಪುತ್ತದೆ.

1978ರಲ್ಲಿ ಅಮೆರಿಕದ ಹೆಸರಾಂತ ಪೈಲಟ್ ಬಾಬ್ ಹೂವರ್ ಅವರಿಗೆ ಆದದ್ದು ಇದೇ. ಸ್ಯಾನ್ ಡಿಯಾಗೋ ಬಳಿಯ ಬ್ರೌನ್ ಫೀಲ್ಡ್‌ನಲ್ಲಿ ವೈಮಾನಿಕ ಪ್ರದರ್ಶನ ಮುಗಿಸಿ ಅವರು ಇಬ್ಬರು ಪ್ರಯಾಣಿಕರೊಂದಿಗೆ ಹೊರಟಿದ್ದರು. ಅವರ ಶ್ರೈಕ್ ಕಮಾಂಡರ್ ವಿಮಾನಕ್ಕೆ ಎರಡು ಪಿಸ್ಟನ್ ಎಂಜಿನ್. ನೋಡಲು ಅದೇ ರೀತಿ ಇರುವ, ಟರ್ಬೈನ್ ಎಂಜಿನ್‌ನ ಇನ್ನೊಂದು ಕಮಾಂಡರ್ ವಿಮಾನವೂ ಇತ್ತು. ಇಂಧನ ತುಂಬುವ ಹುಡುಗ ಇದನ್ನು ಅದೆಂದು ತಿಳಿದು ಜೆಟ್ ಇಂಧನ ತುಂಬಿದ. ವಿಮಾನ ಸುಮಾರು 300 ಅಡಿ ಏರುವಷ್ಟರಲ್ಲಿ ಎರಡೂ ಎಂಜಿನ್‌ಗಳ ಶಕ್ತಿ ಹೋಯಿತು. ಹೂವರ್ ವಿಮಾನವನ್ನು ಹೇಗೋ ಕಣಿವೆಯೊಂದರಲ್ಲಿ ಇಳಿಸಿದರು. ವಿಮಾನ ಹಾಳಾಯಿತು, ಮೂವರೂ ಬದುಕಿದರು.

ವಾಪಸ್ ಬಂದ ಹೂವರ್ ಆ ಹುಡುಗನನ್ನು ಬೈಯಲಿಲ್ಲ. ಮರುದಿನ ತಮ್ಮ ಇನ್ನೊಂದು ವಿಮಾನಕ್ಕೆ ಅವನೇ ಇಂಧನ ತುಂಬಬೇಕೆಂದು ಕೇಳಿದರು. ಇಂಥ ತಪ್ಪನ್ನು ಅವನು ಇನ್ನೆಂದೂ ಮಾಡುವುದಿಲ್ಲ ಎಂಬುದು ಅವರ ನಂಬಿಕೆ. ಮುಂದೆ ಅವರದೇ ಹೆಸರಿನ 'ಹೂವರ್ ನಾಜಲ್' ಬಳಕೆಗೆ ಬಂತು. ಉಪಾಯ ಸರಳ. ಜೆಟ್ ಇಂಧನದ ನಾಜಲ್‌ನ ಬಾಯಿಯನ್ನು ಚಪ್ಪಟೆ ಮಾಡಿ ಸುಮಾರು 67 ಮಿಲಿಮೀಟರ್ ಅಗಲ ಇಡುತ್ತಾರೆ. ಪೆಟ್ರೋಲ್ ವಿಮಾನದ ಟ್ಯಾಂಕಿನ ಬಾಯಿಗೆ ಬಳೆಯಂಥ ಉಂಗುರ ಕೂರಿಸಿ ಅದನ್ನು 60 ಮಿಲಿಮೀಟರ್‌ಗಿಂತ ದೊಡ್ಡದಾಗದಂತೆ ನೋಡಿಕೊಳ್ಳುತ್ತಾರೆ. ತಪ್ಪು ನಾಜಲ್ ಒಳಗೆ ಹೋಗುವುದೇ ಇಲ್ಲ.

ಆದರೂ ಇದಕ್ಕೊಂದು ಮಿತಿ ಇದೆ. ಕೆಲವು ಹೆಲಿಕಾಪ್ಟರ್‌ಗಳು ಜೆಟ್ ಇಂಧನದಲ್ಲೇ ಓಡಿದರೂ ಅವುಗಳ ಟ್ಯಾಂಕಿನ ಬಾಯಿ ಚಿಕ್ಕದು. ಅವುಗಳಿಗಾಗಿ ಜೆಟ್ ಇಂಧನದ ಟ್ಯಾಂಕರ್‌ನಲ್ಲಿ ಸಣ್ಣ ದುಂಡು ನಾಜಲ್ ಹಾಕಿದಾಗ ಆ ರಕ್ಷಣೆ ಇಲ್ಲದಂತಾಗುತ್ತದೆ. ಆಗ ಉಳಿಯುವುದು ಮನುಷ್ಯರ ಎಚ್ಚರ ಮಾತ್ರ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಕ್ರೂಸಸ್‌ನಲ್ಲಿ ರೋಗಿಯೊಬ್ಬರನ್ನು ಹೊತ್ತು ಹೊರಟ ಪಿಸ್ಟನ್ ಎಂಜಿನ್‌ನ ಆಂಬುಲೆನ್ಸ್ ವಿಮಾನ ಹಾರಿದ ಸ್ವಲ್ಪ ಹೊತ್ತಿಗೇ ಬಿದ್ದು, ಒಳಗಿದ್ದ ನಾಲ್ವರೂ ತೀರಿಕೊಂಡರು. ಅದಕ್ಕೆ ಜೆಟ್ ಇಂಧನ ಹಾಕಲಾಗಿತ್ತು. ಇಂಧನ ತುಂಬುವುದನ್ನು ಪೈಲಟ್ ಸರಿಯಾಗಿ ಗಮನಿಸದೇ ಇದ್ದುದೂ ಕಾರಣವೆಂದು ತನಿಖೆ ಹೇಳಿತು.

ಗೊತ್ತುಮಾಡಿಕೊಳ್ಳುವುದು ಹೇಗೆ? ಹೆಚ್ಚು ಬಳಕೆಯಲ್ಲಿರುವ ಏವ್‌ಗ್ಯಾಸ್‌ಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಜೆಟ್ ಇಂಧನ ನೀರಿನಂತೆ ಅಥವಾ ತಿಳಿ ಹಳದಿಯಾಗಿರುತ್ತದೆ. ಆದರೆ ಎರಡೂ ಬೆರೆತರೆ ನೀಲಿ ತುಸು ಮಾಸುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ, ಕಣ್ಣು ಮೋಸಹೋಗುತ್ತದೆ. ಅದಕ್ಕೆ ಪೈಲಟ್‌ಗಳು ಟ್ಯಾಂಕಿನಿಂದ ಒಂದಿಷ್ಟು ಇಂಧನ ತೆಗೆದು ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ನೋಡುತ್ತಾರೆ. ಬರೀ ಏವ್‌ಗ್ಯಾಸ್ ಆದರೆ ಬೇಗ ಆರಿಹೋಗುತ್ತದೆ. ಜೆಟ್ ಇಂಧನ ಬೆರೆತಿದ್ದರೆ ಬೋಂಡಾ ಕಟ್ಟಿಕೊಟ್ಟ ಪೇಪರಿನಂತೆ ಜಿಡ್ಡಿನ ಕಲೆ ಉಳಿಯುತ್ತದೆ, ಸೀಮೆಎಣ್ಣೆ ವಾಸನೆಯೂ ಬರುತ್ತದೆ. ಹಾಗೆ ಕಂಡರೆ ಮೇಲೆ ಒಳ್ಳೆಯ ಪೆಟ್ರೋಲ್ ಸುರಿದು ಸರಿಮಾಡಲು ಆಗುವುದಿಲ್ಲ. ಟ್ಯಾಂಕು, ಪೈಪು ಎಲ್ಲ ಖಾಲಿ ಮಾಡಬೇಕು. ಎಂಜಿನ್ ಒಮ್ಮೆ ಓಡಿದ್ದರೆ ಅದನ್ನೂ ಮೆಕ್ಯಾನಿಕ್ ಪರೀಕ್ಷಿಸಬೇಕು.

ಉಲ್ಟಾ ಆದರೆ, ಅಂದರೆ ಟರ್ಬೈನ್ ಎಂಜಿನ್‌ಗೆ ಏವ್‌ಗ್ಯಾಸ್ ಹಾಕಿದರೆ? ಅದು ಸಾಮಾನ್ಯವಾಗಿ ಅಷ್ಟು ಬೇಗ ಕೈಕೊಡುವುದಿಲ್ಲ. ತುರ್ತಿನಲ್ಲಿ ಇಷ್ಟು ಗಂಟೆ ಮಾತ್ರ ಎಂದು ಏವ್‌ಗ್ಯಾಸ್ ಬಳಸಲು ಒಪ್ಪಿಗೆ ಇರುವ ಟರ್ಬೈನ್ ಎಂಜಿನ್‌ಗಳೂ ಇವೆ. ಹೆಚ್ಚು ಬಳಸಿದರೆ ಸೀಸ ಒಳಗಿನ ಬ್ಲೇಡುಗಳ ಮೇಲೆ ಕೂರುತ್ತದೆ, ಜಾರುಗುಣ ಕಡಿಮೆ ಇರುವುದರಿಂದ ಪಂಪ್ ಸವೆಯುತ್ತದೆ.

ಇನ್ನು ಆ ಮೊದಲ ಮೆಸೇಜ್. ಏವ್‌ಗ್ಯಾಸ್‌ನ ಒಂದು ಕಿಲೋದಲ್ಲಿ ಇರುವ ಶಕ್ತಿ ಹೆಚ್ಚುಕಡಿಮೆ ನಮ್ಮ ಪೆಟ್ರೋಲ್‌ನಷ್ಟೇ. ಆಕ್ಟೇನ್ ಜಾಸ್ತಿ ಎಂದರೆ ಶಕ್ತಿ ಜಾಸ್ತಿ ಎಂದಲ್ಲ, ಒತ್ತಡಕ್ಕೆ ಸಿಡಿಯದೆ ತಡೆಯುತ್ತದೆ ಎಂದಷ್ಟೇ ಅರ್ಥ. ಬೈಕಿಗೆ ಹಾಕಿದರೆ ಅದರಲ್ಲಿರುವ ಸೀಸ ಸೈಲೆನ್ಸರ್‌ನ ಹೊಗೆ ಶುದ್ಧೀಕರಿಸುವ ಕನ್ವರ್ಟರ್ ಅನ್ನು ಹಾಳುಮಾಡುತ್ತದೆ. ಆ ಮೆಸೇಜ್ ಮತ್ತೆ ಬಂದರೆ ಇಷ್ಟನ್ನು ಅದರ ಕೆಳಗೇ ಬರೆದು ಕಳಿಸಿ.