ಲಾಭವಿದ್ದೂ ಗಲ್ಲಾ ಖಾಲಿ: ಸಗಟು ವ್ಯಾಪಾರದಲ್ಲಿ ಹಣ ತಿರುಗುವ ದಿನಗಳ ಲೆಕ್ಕ

ಸಗಟು ವ್ಯಾಪಾರಿ ಹೂಡಿದ ಹಣ ಮೊದಲು ಗೋದಾಮಿನ ಸರಕಾಗುತ್ತದೆ. ಸರಕು ಮಾರಿದ ಮೇಲೆ ಅದು ಚಿಲ್ಲರೆ ಅಂಗಡಿಗಳ ಹೆಸರಿನಲ್ಲಿ ಉದ್ರಿ ಬಾಕಿಯಾಗುತ್ತದೆ. ಬಾಕಿ ವಸೂಲಾದಾಗ ಮತ್ತೆ ಹಣವಾಗಿ ಕೈಗೆ ಬರುತ್ತದೆ. ಈ ಸುತ್ತನ್ನೇ ದುಡಿಯುವ ಬಂಡವಾಳದ ಚಕ್ರ ಎನ್ನುತ್ತಾರೆ. ಸುತ್ತು ಬೇಗ ಮುಗಿದರೆ ಕಡಿಮೆ ಹಣದಲ್ಲೇ ವ್ಯಾಪಾರ ಸಾಗುತ್ತದೆ, ನಿಧಾನವಾದರೆ ಅಷ್ಟೇ ವ್ಯಾಪಾರಕ್ಕೆ ಹೆಚ್ಚು ಹಣ ಬೇಕಾಗುತ್ತದೆ.

ಚಿಲ್ಲರೆ ಅಂಗಡಿಯಲ್ಲಿ ಗಿರಾಕಿ ಸಾಮಾನ್ಯವಾಗಿ ಸ್ಥಳದಲ್ಲೇ ದುಡ್ಡು ಕೊಡುತ್ತಾನೆ. ಸಗಟು ವ್ಯಾಪಾರಿಗೆ ಆ ಅನುಕೂಲ ಇಲ್ಲ. ಮಾಲು ಕಳಿಸುವ ಕಂಪನಿ ಮೂರ್ನಾಲ್ಕು ವಾರದಲ್ಲಿ ಹಣ ಕೇಳುತ್ತದೆ, ಮಾಲು ಒಯ್ಯುವ ಅಂಗಡಿಯವರು ತಿಂಗಳುಗಟ್ಟಲೆ ಉದ್ರಿ ಕೇಳುತ್ತಾರೆ. ಈ ಎರಡರ ನಡುವಿನ ಅಂತರವನ್ನು ಅವನ ಬಂಡವಾಳವೋ ಬ್ಯಾಂಕಿನ ಸಾಲವೋ ತುಂಬಬೇಕು. ಆ ಅಂತರ ಎಷ್ಟು ಎಂಬುದನ್ನು ಮೂರು ಅಳತೆಗಳು ದಿನಗಳ ಲೆಕ್ಕದಲ್ಲಿ ಹೇಳುತ್ತವೆ.

ಮೂರು ಅಳತೆಗಳು

ಹುಬ್ಬಳ್ಳಿಯಲ್ಲಿ ಪೈಪು, ನಲ್ಲಿ, ಬಣ್ಣ ಮುಂತಾದ ಹಾರ್ಡ್‌ವೇರ್ ಸಾಮಾನು ಮಾರುವ ಒಬ್ಬ ಸಗಟು ವ್ಯಾಪಾರಿಯನ್ನು ಊಹಿಸಿಕೊಳ್ಳಬಹುದು. ಅವನ ವಾರ್ಷಿಕ ಮಾರಾಟ 7 ಕೋಟಿ 30 ಲಕ್ಷ ರೂಪಾಯಿ, ಅಂದರೆ ದಿನಕ್ಕೆ 2 ಲಕ್ಷ. ನೂರು ರೂಪಾಯಿಗೆ ಮಾರಿದ ಮಾಲಿನ ಅಸಲು 90 ರೂಪಾಯಿ, ಹಾಗಾಗಿ ಮಾರಿದ ಸರಕಿನ ಅಸಲು ದಿನಕ್ಕೆ 1.8 ಲಕ್ಷ. ಗೋದಾಮಿನಲ್ಲಿ 72 ಲಕ್ಷದ ಸರಕಿದೆ, ಅಂಗಡಿಗಳಿಂದ 90 ಲಕ್ಷ ಬರಬೇಕಿದೆ, ಕಂಪನಿಗಳಿಗೆ 45 ಲಕ್ಷ ಕೊಡಬೇಕಿದೆ.

ದಾಸ್ತಾನು ದಿನಗಳನ್ನು ಕಂಡುಕೊಳ್ಳಲು ಸರಕಿನ ಮೊತ್ತವನ್ನು ಒಂದು ದಿನದ ಅಸಲಿನಿಂದ ಭಾಗಿಸಬೇಕು. 72 ಲಕ್ಷವನ್ನು 1.8 ಲಕ್ಷದಿಂದ ಭಾಗಿಸಿದರೆ 40 ದಿನ. ಇಲ್ಲಿ ಮಾರಾಟದ ಮೊತ್ತವನ್ನು ಬಳಸಬಾರದು. ಗೋದಾಮಿನ ಸರಕನ್ನು ಪುಸ್ತಕದಲ್ಲಿ ಬರೆದಿರುವುದು ಅಸಲು ಬೆಲೆಗೆ, ಮಾರಾಟದಲ್ಲಿ ಲಾಭವೂ ಸೇರಿರುತ್ತದೆ. ವಸೂಲಿ ದಿನಗಳಿಗೆ ಮಾತ್ರ ಮಾರಾಟವೇ ಆಧಾರ, ಏಕೆಂದರೆ ಅಂಗಡಿಯವರು ಕೊಡಬೇಕಾದದ್ದು ಮಾರಾಟ ಬೆಲೆ. 90 ಲಕ್ಷವನ್ನು 2 ಲಕ್ಷದಿಂದ ಭಾಗಿಸಿದರೆ 45 ದಿನ. ಕಂಪನಿಗಳಿಗೆ ಕೊಡಬೇಕಾದ 45 ಲಕ್ಷವನ್ನು ದಿನದ ಖರೀದಿಯಾದ 1.8 ಲಕ್ಷದಿಂದ ಭಾಗಿಸಿದರೆ ಪಾವತಿ ದಿನಗಳು 25.

ಸರಕು 40 ದಿನ ಗೋದಾಮಿನಲ್ಲಿ, ಅದರ ಹಣ ಮತ್ತೆ 45 ದಿನ ಅಂಗಡಿಯವರ ಬಳಿ, ಒಟ್ಟು 85 ದಿನ. ಅದರಲ್ಲಿ ಮೊದಲ 25 ದಿನದ ಭಾರವನ್ನು ಕಂಪನಿಯ ಉದ್ರಿಯೇ ಹೊರುತ್ತದೆ. ಉಳಿದ 60 ದಿನ ವ್ಯಾಪಾರಿಯ ಪಾಲಿಗೆ. ಇದನ್ನೇ ಹಣದಲ್ಲಿ ಹೇಳುವುದಾದರೆ, 72 ಮತ್ತು 90 ಲಕ್ಷ ಕೂಡಿಸಿ 45 ಲಕ್ಷ ಕಳೆದಾಗ ಉಳಿಯುವ 1 ಕೋಟಿ 17 ಲಕ್ಷ ರೂಪಾಯಿ ಸದಾ ಈ ಚಕ್ರದೊಳಗೆ ಸಿಕ್ಕಿಕೊಂಡಿರುತ್ತದೆ. ಇದರಲ್ಲಿ 57 ಲಕ್ಷ ಅವನ ಸ್ವಂತದ್ದು, 60 ಲಕ್ಷ ಬ್ಯಾಂಕಿನ ಸಿಸಿ ಖಾತೆಯದು ಎಂದುಕೊಳ್ಳೋಣ.

ಈ ಲೆಕ್ಕದಲ್ಲಿ ಜಿಎಸ್‌ಟಿ ಬಿಟ್ಟಿದೆ. ಬಾಕಿ ಪಟ್ಟಿಯಲ್ಲಿ ಸಾಮಾನ್ಯವಾಗಿ ತೆರಿಗೆ ಸೇರಿರುತ್ತದೆ, ಮಾರಾಟದ ಲೆಕ್ಕದಲ್ಲಿ ಇರುವುದಿಲ್ಲ. ಶೇ 18ರ ತೆರಿಗೆ ಸೇರಿಸಿದ ಬಾಕಿಯನ್ನು ತೆರಿಗೆ ಬಿಟ್ಟ ಮಾರಾಟದಿಂದ ಭಾಗಿಸಿದರೆ 45 ದಿನ 53 ಆಗಿ ಕಾಣುತ್ತದೆ.

ವ್ಯಾಪಾರ ಬೆಳೆದ ವರ್ಷ

ಮರುವರ್ಷ ಮಾರಾಟ ಶೇ 20ರಷ್ಟು ಏರಿ 8 ಕೋಟಿ 76 ಲಕ್ಷವಾಯಿತು. ದಿನದ ಮಾರಾಟ 2.4 ಲಕ್ಷ, ದಿನದ ಅಸಲು 2.16 ಲಕ್ಷ. ಬಡ್ಡಿ ಮತ್ತು ಖರ್ಚು ಕಳೆದು ಮಾರಾಟದ ಶೇ 2.5ರಷ್ಟು, ಅಂದರೆ 21.9 ಲಕ್ಷ ಲಾಭ ಬಂತು. ಆದರೆ ಈ ಬೆಳವಣಿಗೆ ಸುಮ್ಮನೆ ಬಂದದ್ದಲ್ಲ. ಹೊಸ ಅಂಗಡಿಗಳನ್ನು ಸೆಳೆಯಲು ಉದ್ರಿಯ ಅವಧಿಯನ್ನು ಸಡಿಲಿಸಿದ್ದರಿಂದ ವಸೂಲಿ ದಿನಗಳು 60ಕ್ಕೆ ಏರಿದವು. ಹೆಚ್ಚು ಬಗೆಯ ಮಾಲು ಇಟ್ಟಿದ್ದರಿಂದ ದಾಸ್ತಾನು ದಿನಗಳು 50 ಆದವು. ಕಂಪನಿಗಳು ಮಾತ್ರ 25 ದಿನಕ್ಕಿಂತ ಹೆಚ್ಚು ಕಾಯಲಿಲ್ಲ.

ಈಗ ಸರಕು 108 ಲಕ್ಷ, ಬರಬೇಕಾದ ಬಾಕಿ 144 ಲಕ್ಷ, ಕೊಡಬೇಕಾದದ್ದು 54 ಲಕ್ಷ. ಚಕ್ರದಲ್ಲಿ ಸಿಕ್ಕಿಕೊಂಡ ಹಣ 1 ಕೋಟಿ 98 ಲಕ್ಷ. ಒಂದೇ ವರ್ಷದಲ್ಲಿ 81 ಲಕ್ಷ ಹೆಚ್ಚಿತು, ಲಾಭ ಬಂದದ್ದು 21.9 ಲಕ್ಷ. ಪುಸ್ತಕದಲ್ಲಿ ಲಾಭ ಕಂಡರೂ 59 ಲಕ್ಷವನ್ನು ಹೊರಗಿನಿಂದ ತರಬೇಕಾಯಿತು. ಬಿಲ್ ಬರೆದ ದಿನವೇ ಲಾಭ ಲೆಕ್ಕಕ್ಕೆ ಸೇರುತ್ತದೆ, ಹಣ ಬರುವುದು ವಸೂಲಾದ ದಿನ. ಲಾಭ-ನಷ್ಟ ಪಟ್ಟಿಯಲ್ಲಿ ಈ ಕೊರತೆ ಕಾಣದಿರುವುದು ಅದಕ್ಕೇ.

81 ಲಕ್ಷವನ್ನು ಬಿಡಿಸಿ ನೋಡಿದರೆ ಎರಡು ಬೇರೆ ಕಾರಣಗಳು ಸಿಗುತ್ತವೆ. ದಿನಗಳು ಹಿಂದಿನಷ್ಟೇ ಇದ್ದಿದ್ದರೂ, ಮಾರಾಟ ಶೇ 20 ಏರಿದ್ದಕ್ಕೇ 23.4 ಲಕ್ಷ ಹೆಚ್ಚು ಬೇಕಿತ್ತು. ಅದೂ ಇಡೀ ವರ್ಷದ ಲಾಭವನ್ನು ಮೀರುತ್ತದೆ. ಉಳಿದ 57.6 ಲಕ್ಷ ಬರೀ ದಿನಗಳು ಸಡಿಲವಾದದ್ದರ ಫಲ: ವಸೂಲಿಯ 15 ದಿನಕ್ಕೆ 36 ಲಕ್ಷ, ದಾಸ್ತಾನಿನ 10 ದಿನಕ್ಕೆ 21.6 ಲಕ್ಷ. ಈಗ ಈ ವ್ಯಾಪಾರಿಗೆ ಉದ್ರಿಯ ಒಂದು ದಿನದ ಬೆಲೆ 2.4 ಲಕ್ಷ. ಒಂದು ವಾರ ಬೇಗ ವಸೂಲಿ ಮಾಡಿದರೆ ಸುಮಾರು 17 ಲಕ್ಷ ಕೈಗೆ ಬರುತ್ತದೆ. ಅದು ವರ್ಷದ ಲಾಭದ ಮುಕ್ಕಾಲು ಭಾಗಕ್ಕಿಂತ ಹೆಚ್ಚು.

ಒಂದೇ ಬಾಕಿ, ಎರಡು ಅರ್ಥ

ವರ್ಷದ ಸರಾಸರಿ ಮಾರಾಟ ಹಿಡಿದು ಮಾಡುವ ಲೆಕ್ಕ, ವ್ಯಾಪಾರ ವರ್ಷವಿಡೀ ಒಂದೇ ಸಮ ಇದ್ದರೆ ಮಾತ್ರ ಸರಿ. ಹಾರ್ಡ್‌ವೇರ್ ವ್ಯಾಪಾರ ಹಾಗಿಲ್ಲ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಧಾನವಾಗುತ್ತದೆ, ಬೇಸಿಗೆಯ ಹೊತ್ತಿಗೆ ಬಿರುಸಾಗುತ್ತದೆ. ಇಂಥಲ್ಲಿ ಬಾಕಿಯಿಂದ ತಿಂಗಳ ಮಾರಾಟವನ್ನು ಹಿಂದಕ್ಕೆ ಕಳೆಯುತ್ತ ಹೋಗುವ ವಿಧಾನ ಹೆಚ್ಚು ನಂಬಿಕೆಗೆ ಯೋಗ್ಯ.

ಮೊದಲ ವರ್ಷದ ಮಾರ್ಚ್ 31ರಂದು ಬಾಕಿ 90 ಲಕ್ಷ, ಮಾರ್ಚ್ ಮಾರಾಟ 78 ಲಕ್ಷ, ಫೆಬ್ರವರಿಯದು 70 ಲಕ್ಷ ಎಂದಿರಲಿ. ಮಾರ್ಚಿನ 78 ಕಳೆದರೆ 31 ದಿನ, ಉಳಿದ 12 ಲಕ್ಷ ಫೆಬ್ರವರಿಯ ಸುಮಾರು 5 ದಿನದ ಮಾರಾಟಕ್ಕೆ ಸಮ. ಒಟ್ಟು 36 ದಿನ. ಇದೇ 90 ಲಕ್ಷದ ಬಾಕಿ ಸೆಪ್ಟೆಂಬರ್ ಕೊನೆಗೆ ಇದ್ದು, ಸೆಪ್ಟೆಂಬರ್ ಮಾರಾಟ 39 ಲಕ್ಷ, ಆಗಸ್ಟ್ 38 ಲಕ್ಷ, ಜುಲೈ 40 ಲಕ್ಷ ಇದ್ದರೆ ಚಿತ್ರ ಬದಲಾಗುತ್ತದೆ. ಎರಡು ಪೂರ್ತಿ ತಿಂಗಳು ಕಳೆದ ಮೇಲೂ 13 ಲಕ್ಷ ಉಳಿಯುತ್ತದೆ, ಅದು ಜುಲೈನ 10 ದಿನದ ಮಾರಾಟ. ಒಟ್ಟು 71 ದಿನ. ಸರಾಸರಿ ಎರಡೂ ಸಲ 45 ದಿನ ಎಂದೇ ಹೇಳುತ್ತದೆ. ಆದರೆ ಮಾರ್ಚಿನಲ್ಲಿ ವಸೂಲಿ ಚೆನ್ನಾಗಿದೆ, ಸೆಪ್ಟೆಂಬರಿನಲ್ಲಿ ಹದಗೆಟ್ಟಿದೆ.

ಸರಾಸರಿಯ ಹಿಂದೆ ಅಡಗಿದ ಹಣ

90 ಲಕ್ಷದ ಬಾಕಿಯಲ್ಲಿ 15 ಲಕ್ಷ ಇಬ್ಬರೇ ಅಂಗಡಿಯವರದು, ಆರು ತಿಂಗಳು ದಾಟಿದ್ದು ಎಂದಿರಲಿ. ಅದನ್ನು ಬದಿಗಿಟ್ಟರೆ ಉಳಿದ 75 ಲಕ್ಷಕ್ಕೆ ವಸೂಲಿ ದಿನಗಳು 37 ಚಿಲ್ಲರೆ. ಅಂದರೆ ಹೆಚ್ಚಿನ ಗಿರಾಕಿಗಳು ಸಮಯಕ್ಕೆ ಕೊಡುತ್ತಿದ್ದಾರೆ. ಎಲ್ಲರ ಉದ್ರಿಯನ್ನೂ ಬಿಗಿ ಮಾಡಿದರೆ ಒಳ್ಳೆಯ ಗಿರಾಕಿಗಳು ಬೇರೆಡೆ ಹೋಗುತ್ತಾರೆ, ಆ 15 ಲಕ್ಷ ಮಾತ್ರ ಬರುವುದಿಲ್ಲ. ಹೀಗಾಗಿ ವಸೂಲಿ ದಿನಗಳ ಜತೆಗೆ ಬಾಕಿಯನ್ನು 30, 60, 90 ದಿನಗಳ ಪ್ರಕಾರ ವಿಂಗಡಿಸಿದ ಪಟ್ಟಿಯೂ ಬೇಕು.

ಗೋದಾಮಿಗೂ ಇದೇ ಮಾತು ಅನ್ವಯಿಸುತ್ತದೆ. 72 ಲಕ್ಷದಲ್ಲಿ 45 ಲಕ್ಷ ಓಡುವ ಮಾಲು, ದಿನಕ್ಕೆ 1.5 ಲಕ್ಷದ ಅಸಲಿನಷ್ಟು ಹೊರಗೆ ಹೋಗುತ್ತದೆ, 30 ದಿನಕ್ಕೆ ಖಾಲಿ. ಉಳಿದ 27 ಲಕ್ಷ ಹಳೆಯ ಮಾದರಿಯ ನಲ್ಲಿ, ಕಡಿಮೆ ಬೇಡಿಕೆಯ ಬಣ್ಣ. ಅದು ದಿನಕ್ಕೆ 30 ಸಾವಿರದಷ್ಟೇ ಹೋಗುವುದರಿಂದ 90 ದಿನ ಬೇಕು. ಸರಾಸರಿ 40 ಎಂದು ನೋಡಿ ಎಲ್ಲ ಖರೀದಿಯನ್ನೂ ಕಡಿತ ಮಾಡಿದರೆ ಮೊದಲು ಖಾಲಿಯಾಗುವುದು ಓಡುವ ಪೈಪು. ನಿಂತ ಮಾಲು ನಿಂತೇ ಇರುತ್ತದೆ.

ಕಂಪನಿಯ ಉದ್ರಿಗೂ ಬೆಲೆಯುಂಟು

ಪಾವತಿಯನ್ನು ಮುಂದೂಡಿದರೆ ಚಕ್ರದ ದಿನಗಳು ಕಡಿಮೆಯಾಗುತ್ತವೆ, ಆದರೆ ಅದು ಯಾವಾಗಲೂ ಲಾಭವಲ್ಲ. 7 ದಿನದಲ್ಲಿ ಕೊಟ್ಟರೆ ಶೇ 2 ರಿಯಾಯಿತಿ, ಇಲ್ಲವಾದರೆ 30 ದಿನದಲ್ಲಿ ಪೂರ್ತಿ ಹಣ ಎಂಬ ಕರಾರಿದ್ದರೆ, 23 ದಿನ ತಡ ಮಾಡಿದ್ದಕ್ಕೆ 98 ರೂಪಾಯಿಗೆ 2 ರೂಪಾಯಿ ಕೊಟ್ಟಂತೆ. ವರ್ಷದ ಲೆಕ್ಕದಲ್ಲಿ ಅದು ಸುಮಾರು ಶೇ 32ರ ಬಡ್ಡಿ. ಬ್ಯಾಂಕ್ ಸಾಲ ಅದಕ್ಕಿಂತ ಬಹಳ ಅಗ್ಗ. ಜತೆಗೆ, ನೋಂದಾಯಿತ ಕಿರು ಅಥವಾ ಸಣ್ಣ ತಯಾರಕರಿಗೆ ಲಿಖಿತ ಕರಾರಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ.

ಬ್ಯಾಂಕ್ ನೋಡುವ ರೀತಿ

ಸಿಸಿ ಸಾಲದಲ್ಲಿ ಮಂಜೂರಾದ ಮಿತಿ ಎಷ್ಟೇ ಇದ್ದರೂ, ಹಣ ತೆಗೆಯುವ ಅವಕಾಶವನ್ನು ಬ್ಯಾಂಕ್ ಕಾಲಕಾಲಕ್ಕೆ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ನಿರ್ಧರಿಸುತ್ತದೆ. ಸರಕಿನಿಂದ ಕಂಪನಿಗಳ ಬಾಕಿ ಕಳೆದು, ಬರಬೇಕಾದ ಬಾಕಿ ಕೂಡಿಸಿ, ಅದರಲ್ಲಿ ಒಂದು ಪಾಲನ್ನು, ಹಲವೆಡೆ ಕಾಲು ಭಾಗವನ್ನು, ವ್ಯಾಪಾರಿಯ ಮಾರ್ಜಿನ್ ಎಂದು ಬಿಡುತ್ತದೆ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎರಡನೆಯ ವರ್ಷದ 144 ಲಕ್ಷ ಬಾಕಿಯಲ್ಲಿ 30 ಲಕ್ಷ ಹೀಗೆ ಹಳೆಯದು ಎಂದಿಟ್ಟುಕೊಂಡರೆ, ಬ್ಯಾಂಕ್ ಪರಿಗಣಿಸುವುದು 168 ಲಕ್ಷ, ಕಾಲು ಭಾಗ ಕಳೆದು ಕೊಡುವುದು 126 ಲಕ್ಷ. ವ್ಯಾಪಾರಿಯ ಸ್ವಂತ ಹಣ ಹಿಂದಿನ 57 ಲಕ್ಷಕ್ಕೆ ಲಾಭದ 21.9 ಸೇರಿಸಿ, ಮನೆ ಖರ್ಚು ಮತ್ತು ಆದಾಯ ತೆರಿಗೆಗೆ 12 ಲಕ್ಷ ಕಳೆದರೆ 66.9 ಲಕ್ಷ. ಎರಡೂ ಸೇರಿ 192.9 ಲಕ್ಷ. ಬೇಕಾದದ್ದು 198. ಐದು ಲಕ್ಷ ಸಾಲದೆ ಬರುತ್ತದೆ, ಕಂಪನಿಗೆ ಕೊಟ್ಟ ಚೆಕ್ ವಾಪಸಾಗುವುದು ಇಂಥ ಹೊತ್ತಿನಲ್ಲೇ. ಬಾಕಿಯೆಲ್ಲ 90 ದಿನದೊಳಗಿನದಾಗಿದ್ದರೆ ಬ್ಯಾಂಕ್ 148.5 ಲಕ್ಷದವರೆಗೆ ಕೊಡುತ್ತಿತ್ತು, ಕೊರತೆ ಬೀಳುತ್ತಿರಲಿಲ್ಲ. ಹಳೆಯ ಬಾಕಿ ಹೀಗೆ ಎರಡು ಕಡೆಯಿಂದ ಕಾಡುತ್ತದೆ: ತಾನೂ ಬರುವುದಿಲ್ಲ, ತನ್ನ ಮೇಲೆ ಸಿಗಬೇಕಿದ್ದ ಸಾಲವನ್ನೂ ತಡೆಯುತ್ತದೆ.